ಅಪ್ಪನ ಮಾತ್ರೆ ಚೀಟಿ (ಫ್ರಿಜ್ ಬಾಗಿಲಿಗೆ ಅಂಟಿಸಿ)

ಅಮ್ಮ, ತಮ್ಮ, ಡಿಸ್ಚಾರ್ಜ್ ಚೀಟಿ ಮುಂದಿಟ್ಟುಕೊಂಡು ಡಾಕ್ಟರ ಹತ್ತಿರ ಒಂದೊಂದು ಸಾಲೂ ಕೇಳಿ ಇದನ್ನು ಬರೆದಿದ್ದೇನೆ. ಅಪ್ಪನಿಗೆ ಮೆದುಳಿನ ಎಡಭಾಗದ ರಕ್ತನಾಳ ಕಟ್ಟಿಕೊಂಡು ಸ್ಟ್ರೋಕ್ ಆಗಿದೆ. ಅದಕ್ಕೇ ಬಲಗೈ, ಬಲಗಾಲು, ಬಾಯಿಯ ಬಲಭಾಗಕ್ಕೆ ಶಕ್ತಿ ಕಡಿಮೆ. ಈಗ ಆರಾಮಾಗಿ ಕಂಡರೂ ಮತ್ತೆ ಆಗದ ಹಾಗೆ ತಡೆಯೋದು ಈ ಮಾತ್ರೆಗಳೇ. ಒಂದನ್ನೂ ನಾವಾಗಿ ನಿಲ್ಲಿಸೋದು ಬೇಡ.

ಮಾತ್ರೆ ಕೊಡುವ ರೀತಿ
ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಇರಲಿ. ಒಂದು ಸಲಕ್ಕೆ ಒಂದೇ ಮಾತ್ರೆ, ನಾಲಿಗೆಯ ಎಡಗಡೆಗೆ. ಬರೀ ನೀರು ಕುಡಿದರೆ ಕೆಮ್ಮು ಬರುತ್ತೆ ಅಲ್ವಾ, ಅದಕ್ಕೆ ಗಟ್ಟಿ ರಾಗಿ ಗಂಜಿ ಒಂದು ಚಮಚದ ಜೊತೆ ಕೊಡಿ. ನುಂಗಿದ ಮೇಲೆ ಬಾಯಿ ತೆಗೆಸಿ ಬಲಗೆನ್ನೆಯ ಒಳಗೆ ನೋಡಿ. ಅಲ್ಲಿ ಮಾತ್ರೆ ಕೂತಿದ್ದರೂ ಅವರಿಗೆ ಗೊತ್ತಾಗಲ್ಲ. ಅರ್ಧ ಗಂಟೆ ಮಲಗಿಸಬೇಡಿ. ಮಾತ್ರೆ ಪುಡಿ ಮಾಡಬೇಡಿ. ಮುಖ್ಯವಾಗಿ ಪ್ಯಾಂಟೊಪ್ರಜೋಲ್, ಆಸ್ಪಿರಿನ್ ಎರಡನ್ನೂ ಇಡಿಯಾಗಿಯೇ ನುಂಗಬೇಕು.

ಬೆಳಿಗ್ಗೆ 7:00, ಖಾಲಿ ಹೊಟ್ಟೆ
ಪ್ಯಾಂಟೊಪ್ರಜೋಲ್ 40 ಎಂಜಿ. ರಕ್ತ ತೆಳು ಮಾಡುವ ಮಾತ್ರೆಯಿಂದ ಹೊಟ್ಟೆ ಹುಣ್ಣಾಗದಿರಲಿ ಅಂತ.
ಕೊಟ್ಟ ಮೇಲೆ ಐದು ನಿಮಿಷ ಸುಮ್ನೆ ಕೂರಿಸಿ, ಎಡಗೈಯಲ್ಲಿ ಬಿಪಿ ನೋಡಿ, ನೋಟ್‌ಬುಕ್ಕಲ್ಲಿ ಬರೆಯಿರಿ. ಗುರಿ 130/80ರ ಒಳಗೆ.

ಬೆಳಿಗ್ಗೆ 8:00, ತಿಂಡಿ
ಗ್ಲಿಮೆಪಿರೈಡ್ 1 ಎಂಜಿ, ತಿಂಡಿ ತಟ್ಟೆ ಮುಂದೆ ಬಂದ ಮೇಲೆ. ಸಕ್ಕರೆಗೆ. ತಿಂಡಿ ಬೇಡ ಅಂದ ದಿನ ಇದೂ ಬೇಡ.
ತಿಂಡಿ ಆದ ಮೇಲೆ ಮೆಟ್‌ಫಾರ್ಮಿನ್ 500, ಇದೂ ಸಕ್ಕರೆಗೆ.
ಟೆಲ್ಮಿಸಾರ್ಟನ್ 40, ಆಮ್ಲೊಡಿಪಿನ್ 5. ಎರಡೂ ಬಿಪಿಗೆ. ಮೇಲಿನ ಅಂಕಿ 100ಕ್ಕಿಂತ ಕಡಿಮೆ ಇದ್ದರೆ ಇವೆರಡನ್ನು ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಹಾಸಿಗೆಯಿಂದ ಒಮ್ಮೆಲೇ ಎಬ್ಬಿಸಬೇಡಿ, ತಲೆ ಸುತ್ತುತ್ತೆ. ಪಾದ ಊದಿದರೆ ನನಗೆ ಹೇಳಿ. ಟೆಲ್ಮಿಸಾರ್ಟನ್ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದು. ಅದಕ್ಕೆ ದಿನಾ ಎಳನೀರು ಬೇಡ, ‘ಕಡಿಮೆ ಸೋಡಿಯಂ’ ಉಪ್ಪೂ ಬೇಡ.

ಮಧ್ಯಾಹ್ನ 1:30, ಊಟ ಆದ ಮೇಲೆ
ಆಸ್ಪಿರಿನ್ 75, ಕ್ಲೋಪಿಡೋಗ್ರೆಲ್ 75. ರಕ್ತ ಹೆಪ್ಪುಗಟ್ಟದ ಹಾಗೆ. ಇಡೀ ಚೀಟಿಯಲ್ಲಿ ಇವೇ ಮುಖ್ಯ.
ಕ್ಲೋಪಿಡೋಗ್ರೆಲ್ ಡಿಸೆಂಬರ್ 8ರ ವರೆಗೆ ಮಾತ್ರ, ಒಟ್ಟು 21 ದಿನ. ಆಮೇಲೆ ಆಸ್ಪಿರಿನ್ ಒಂದೇ, ಅದು ಮುಂದುವರಿಯುತ್ತೆ. ಹಲ್ಲು ಕೀಳಿಸುವಾಗಲೂ ಡಾಕ್ಟರನ್ನು ಕೇಳದೆ ಬಿಡಿಸಬೇಡಿ.

ರಾತ್ರಿ 8:00, ಊಟ ಆದ ಮೇಲೆ
ಮೆಟ್‌ಫಾರ್ಮಿನ್ 500.

ರಾತ್ರಿ 9:00
ಅಟೋರ್ವಾಸ್ಟಾಟಿನ್ 40. ಕೊಲೆಸ್ಟ್ರಾಲ್ ಇಳಿಸುತ್ತೆ, ರಕ್ತನಾಳದ ಒಳಗೋಡೆಯನ್ನು ಕಾಪಾಡುತ್ತೆ. ತೊಡೆ, ಭುಜ ಜಾಸ್ತಿ ನೋಯುತ್ತಿದ್ದು ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಅವತ್ತೇ ಡಾಕ್ಟರಿಗೆ ತೋರಿಸಿ.

ಮರೆತರೆ
ಕೆಲವೇ ಗಂಟೆಯೊಳಗೆ ನೆನಪಾದರೆ ಕೊಡಿ, ಗ್ಲಿಮೆಪಿರೈಡ್ ಬಿಟ್ಟು. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ. ಎರಡು ಸೇರಿಸಿ ಯಾವತ್ತೂ ಬೇಡ. ಕೊಟ್ಟ ತಕ್ಷಣ ಗೋಡೆ ಕ್ಯಾಲೆಂಡರಲ್ಲಿ ಗುರುತು ಹಾಕಿ, ಇಲ್ಲಾಂದ್ರೆ ಅಮ್ಮ ಕೊಟ್ಟದ್ದನ್ನೇ ತಮ್ಮ ಮತ್ತೆ ಕೊಡ್ತಾನೆ. ಅಂಗಡಿಯವರು ಬೇರೆ ಬ್ರಾಂಡ್ ಕೊಟ್ಟರೆ ಸ್ಟ್ರಿಪ್ ಮೇಲೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು, ಎಂಜಿ ಎರಡನ್ನೂ ಈ ಚೀಟಿ ಜೊತೆ ಹೋಲಿಸಿ ನೋಡಿ.

ಮಂಡಿ ನೋವು ಅಂತ ಡೈಕ್ಲೋಫೆನಾಕ್, ಐಬುಪ್ರೊಫೇನ್ ಕೊಡಬೇಡಿ. ಹೊಟ್ಟೆಯಲ್ಲಿ ರಕ್ತ ಸೋರಬಹುದು, ಬಿಪಿಯೂ ಏರುತ್ತೆ. ಲಕ್ವಕ್ಕೆ ಯಾರೋ ಹೇಳಿದ ನಾಟಿ ಔಷಧಿಯನ್ನೂ ಇದರ ಜೊತೆ ಸೇರಿಸಬೇಡಿ. ಹೇಳುವವರು ಪ್ರೀತಿಯಿಂದಲೇ ಹೇಳ್ತಾರೆ, ನನ್ನ ಹೆಸರು ಹೇಳಿ ಬೇಡ ಅನ್ನಿ.

ಸಕ್ಕರೆ ಇಳಿದರೆ
ಬೆವರು, ನಡುಕ, ಮಂಕು. ಕೂಡಲೇ ಮೀಟರಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ಸ್ವಲ್ಪವೇ ನೀರಲ್ಲಿ ಕಲಸಿ ಚಮಚದಲ್ಲಿ ತಿನ್ನಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಅವತ್ತೇ ಆಸ್ಪತ್ರೆಗೆ
ಕಪ್ಪಗೆ ಡಾಂಬರಿನಂಥ ಮಲ, ಮೂತ್ರದಲ್ಲಿ ರಕ್ತ, ನಿಲ್ಲದ ಮೂಗಿನ ರಕ್ತ. ಬಿದ್ದು ತಲೆಗೆ ಪೆಟ್ಟಾದರೆ, ಗಾಯ ಕಾಣದಿದ್ದರೂ ಕೂಡಲೇ ಹೊರಡಿ. ಬಿಪಿ 180/110 ದಾಟಿದ್ದು ಐದು ನಿಮಿಷ ಬಿಟ್ಟು ನೋಡಿದರೂ ಹಾಗೇ ಇದ್ದರೆ ಡಾಕ್ಟರಿಗೆ ಫೋನ್ ಮಾಡಿ. ಊಟದಲ್ಲಿ ಕೆಮ್ಮು ಜಾಸ್ತಿಯಾಗಿ ಜ್ವರ ಬಂದರೆ ಅನ್ನ ಶ್ವಾಸಕೋಶಕ್ಕೆ ಹೋಗಿರಬಹುದು, ಕಾಯಬೇಡಿ.

ತಕ್ಷಣ 108
ಬಾಯಿ ಇನ್ನಷ್ಟು ಸೊಟ್ಟಗಾದರೆ. ಕೈಕಾಲು ಇದ್ದದ್ದಕ್ಕಿಂತ ಸೋತರೆ, ಅಥವಾ ಎಡಗಡೆಗೂ ಬಂದರೆ. ಮಾತು ಈಗಿರುವುದಕ್ಕಿಂತ ತೊದಲಿದರೆ. ಒಮ್ಮೆಲೇ ಕಣ್ಣು ಮಂಜಾದರೆ, ನಡೆಯುವಾಗ ವಾಲಿದರೆ, ಹಿಂದೆಂದೂ ಇಲ್ಲದಂಥ ತಲೆನೋವು ಬಂದರೆ, ಫಿಟ್ಸ್ ಬಂದರೆ. ಹತ್ತು ನಿಮಿಷದಲ್ಲಿ ತಾನೇ ಸರಿಹೋದರೂ ಕರೆದುಕೊಂಡು ಹೋಗಿ.

ಆಗ ನೀರು, ಮಾತ್ರೆ ಏನೂ ಕೊಡಬೇಡಿ, ಆಸ್ಪಿರಿನ್ ಕೂಡ. ರಕ್ತಸ್ರಾವವೂ ಆಗಿರಬಹುದು, ಸ್ಕ್ಯಾನ್ ಮಾಡದೆ ಗೊತ್ತಾಗಲ್ಲ. ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಅಂತ ಬರೆದುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದಾದರೆ ಸಾಮಾನ್ಯವಾಗಿ ಅಲ್ಲಿಂದ ನಾಲ್ಕೂವರೆ ಗಂಟೆಯ ಒಳಗೇ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು ಅಂತ 108ರವರಿಗೆ ಹೇಳಿ. ಈ ಚೀಟಿ, ಡಿಸ್ಚಾರ್ಜ್ ಫೈಲ್ ಎರಡೂ ಕೈಯಲ್ಲಿರಲಿ. ನನಗೆ ಆಂಬ್ಯುಲೆನ್ಸ್ ಹತ್ತಿದ ಮೇಲೆ ಫೋನ್ ಮಾಡಿದರೆ ಸಾಕು.