√4ಕ್ಕೆ ಯಾಕೆ ನಡೆಯುವುದಿಲ್ಲ?
(ಪ್ರಥಮ ಬಿ.ಎಸ್ಸಿ. ಗಣಿತ, ಹಾಸನ: ತರಗತಿ ಟಿಪ್ಪಣಿ)

ಮೊನ್ನೆಯ ಇಂಟರ್ನಲ್ಸ್‌ನಲ್ಲಿ √2 ಅಭಾಗಲಬ್ಧ ಎಂಬ ಸಾಧನೆಯನ್ನು ಬಹುತೇಕ ಎಲ್ಲರೂ ಅಚ್ಚುಕಟ್ಟಾಗಿ ಬರೆದಿದ್ದೀರಿ. ‘ಇದೇ ಸಾಧನೆ √4ಕ್ಕೆ ಯಾಕೆ ನಡೆಯುವುದಿಲ್ಲ?’ ಎಂಬ ಮುಂದಿನ ಪ್ರಶ್ನೆಯನ್ನು ಅರ್ಧ ಕ್ಲಾಸು ಖಾಲಿ ಬಿಟ್ಟಿದೆ. ಬಾಯಿಪಾಠ ಸಿಕ್ಕಿಬಿದ್ದದ್ದು ಅಲ್ಲೇ.

ಸಕಲೇಶಪುರ, ಬೇಲೂರು ಕಡೆಯವರಿಗೆ ಕಾಫಿ ಕಣ ಗೊತ್ತು. ಬೆಳಗ್ಗೆ ಎದ್ದ ಕೂಡಲೇ ಅಜ್ಜಿ, ‘ರಾತ್ರಿ ಮಳೆ ಹುಯ್ದಿರಬೇಕು ಕಣೋ’ ಅನ್ನುತ್ತಾರೆ. ನೀವು ವಾದಕ್ಕಿಳಿಯುವುದಿಲ್ಲ. ‘ಆಯ್ತಜ್ಜಿ, ಹುಯ್ದಿದೆ ಅಂತಲೇ ಇಟ್ಕೊಳ್ಳೋಣ. ಹಾಗಾದ್ರೆ ಟಾರ್ಪಾಲು ಹೊದಿಸದ ಕಾಫಿ ನೆಂದಿರಬೇಕಲ್ವಾ?’ ಒಂದು ಬೊಗಸೆ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಲಗಲ ಸದ್ದು. ಒಣಗಿದೆ. ಮಳೆ ಬಂದಿಲ್ಲ. ಅಜ್ಜಿಯ ಮಾತನ್ನು ಒಪ್ಪಿಕೊಂಡೇ ಅದನ್ನು ಕೆಡವಿದಿರಿ. ವೈರುಧ್ಯದ ಮೂಲಕ ಸಾಧನೆ ಎಂದರೆ ಇಷ್ಟೇ.

ಈಗ √2. ಅದು ಭಾಗಲಬ್ಧ ಎಂದೇ ಒಪ್ಪೋಣ: √2 = p/q. ಸಂಕ್ಷೇಪಿಸುವುದನ್ನೆಲ್ಲ ಸಂಕ್ಷೇಪಿಸಿ ಆಗಿದೆ, p ಮತ್ತು q ಗಳಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ. ಈ ಮಾತನ್ನು ನೆನಪಿಡಿ, ಕೊನೆಗೆ ಒಡೆಯುವುದು ಇದೇ.

p² = 2q²

ಹಾಗಾಗಿ p² ಸಮ, p ಕೂಡ ಸಮ. ತಡೆಯಿರಿ, ‘p ಕೂಡ’ ಹೇಗೆ? ನಿಮ್ಮಲ್ಲಿ ಹೆಚ್ಚಿನವರು ಇದನ್ನು ಹಾರಿಸಿದ್ದೀರಿ. p ಬೆಸವಾಗಿದ್ದರೆ p = 2k+1, ಆಗ p² = 4k²+4k+1, ಅದೂ ಬೆಸ. ನಮ್ಮ p² ಸಮವಾದ್ದರಿಂದ p ಬೆಸವಾಗಲಾರದು. ನೋಡಿ, ಸಾಧನೆಯ ಹೊಟ್ಟೆಯೊಳಗೆ ಇನ್ನೊಂದು ಪುಟ್ಟ ವೈರುಧ್ಯ!

p = 2m ಎಂದಿಟ್ಟರೆ 4m² = 2q², ಅಂದರೆ q² = 2m². ಈಗ q ಕೂಡ ಸಮ. ಎರಡಕ್ಕೂ 2 ಸಾಮಾನ್ಯ ಅಪವರ್ತನ ಆಯಿತು. ಇಲ್ಲ ಎಂದು ಮೊದಲೇ ಹೇಳಿದ್ದೆವು. ಬೊಗಸೆ ಗಲಗಲ ಅಂದಿತು.

ಇನ್ನು √4. p² = 4q². ‘p² 4ರಿಂದ ಭಾಗವಾಗುತ್ತದೆ, ಆದ್ದರಿಂದ p ಕೂಡ’ ಎಂದು ಕೆಲವರು ಬರೆದಿದ್ದೀರಿ. 6 ತೆಗೆದುಕೊಳ್ಳಿ: 36 ಭಾಗವಾಗುತ್ತದೆ, 6 ಆಗುವುದಿಲ್ಲ. ಸರಿ, 2ನ್ನೇ ಹಿಡಿದು ಹೋಗೋಣ. p = 2m ಎಂದರೆ 4m² = 4q², ಅಂದರೆ m = q. q ಸಮ ಎಂದು ಯಾರೂ ಹೇಳಲಿಲ್ಲ. p = 2, q = 1 ಹಾಯಾಗಿ ಕೂತಿವೆ. ಕಣಕ್ಕೆ ಹೋಗಿ ನೋಡಿದರೆ ಕಾಫಿ ನಿಜಕ್ಕೂ ನೆಂದಿದೆ.

3+√2 ಕೂಡ ಅಭಾಗಲಬ್ಧ ಎಂಬ ಸಾಧನೆ ಒಂದೇ ಸಾಲಿನದು: ಅದು ಭಾಗಲಬ್ಧವಾದರೆ 3 ಕಳೆದು ಉಳಿಯುವ √2 ಕೂಡ ಭಾಗಲಬ್ಧವಾಗಬೇಕು.

ಸೋಮವಾರಕ್ಕೆ √6 ಮಾಡಿ ತನ್ನಿ. 6 ಅವಿಭಾಜ್ಯವಲ್ಲ ಎಂದು ಹೆದರಬೇಡಿ, 2 ಒಂದನ್ನೇ ಹಿಡಿಯಿರಿ. 2m² = 3q² ಎಂಬಲ್ಲಿಗೆ ಬಂದು ನಿಂತರೆ ದಾರಿ ಸರಿಯಿದೆ. ಅಲ್ಲಿಂದ q ಸಮ ಎಂದು ತೋರಿಸುವಾಗ 3 ಬೆಸ ಎಂಬುದನ್ನು ಎಲ್ಲಿ ಬಳಸಿದಿರಿ ಎಂದು ನಾನು ಕೇಳುತ್ತೇನೆ.