ಅವ್ವನ ಗಿಫ್ಟ್ ಕಾರ್ಡ್ ತೆಗೆದುಕೊಳ್ಳದೆ ವಾಪಸ್ ಕಳಿಸಿದ ಬಗ್ಗೆ ದೂರು

ಹುಬ್ಬಳ್ಳಿ
18 ಮಾರ್ಚ್ 2026

ಮ್ಯಾನೇಜರ್ ಅವರಿಗೆ,
ಸೀರೆ ಅಂಗಡಿ, ಕೊಪ್ಪಿಕರ್ ರಸ್ತೆ, ಹುಬ್ಬಳ್ಳಿ

ನಮಸ್ಕಾರ.

ನಮ್ಮ ಅವ್ವ ಗದಗಿನಲ್ಲಿ ಪ್ರೈಮರಿ ಶಾಲೆ ಟೀಚರ್ ಆಗಿದ್ದರು. ಹೋದ ವರ್ಷ ರಿಟೈರ್ ಆದಾಗ ಜೊತೆಯ ಟೀಚರುಗಳು ದುಡ್ಡು ಕೂಡಿಸಿ ನಿಮ್ಮ ಅಂಗಡಿಯ 3,000 ರೂಪಾಯಿ ಗಿಫ್ಟ್ ಕಾರ್ಡ್ ಕೊಟ್ಟರು. ಕೊಂಡ ದಿನ 14 ಜೂನ್ 2025. ಕಾರ್ಡಿನ ಹಿಂದೆ 'ಖರೀದಿಸಿದ ದಿನದಿಂದ 12 ತಿಂಗಳು' ಎಂದು ಅಚ್ಚಾಗಿದೆ. ಅದರ ಕೆಳಗೆ ನಿಮ್ಮವರೇ ನೀಲಿ ಪೆನ್ನಿನಲ್ಲಿ ತಾರೀಖು ಬರೆದು ಅಂಗಡಿಯ ಸೀಲು ಒತ್ತಿದ್ದಾರೆ.

ಅವ್ವ ಅದನ್ನು ಯುಗಾದಿಗೆ ಅಂತ ಇಟ್ಟುಕೊಂಡಿದ್ದರು. ಮೊನ್ನೆ ಭಾನುವಾರ, 15ನೇ ತಾರೀಖು, ಗದಗಿನಿಂದ ಬಸ್ಸಿಗೆ ಬಂದರು. ನಾನೂ ಜೊತೆಗಿದ್ದೆ. ಒಂದು ತಾಸು ನೋಡಿ ಒಂದು ಇಳಕಲ್ ಸೀರೆ ಆರಿಸಿದರು. ಟೋಪ್ ತೆನಿ ಸೆರಗು, 3,450 ರೂಪಾಯಿ. ಮೇಲಿನ 450 ರೂಪಾಯಿ ಎಣಿಸಿ ಕೈಯಲ್ಲಿ ಹಿಡಿದಿದ್ದರು. ಸೀರೆ ಮಡಚಿ ಕವರಿಗೆ ಹಾಕಿಯೂ ಆಗಿತ್ತು.

ಆಗ ಬಿಲ್ ಕೌಂಟರಿನವರು, "ಈ ಕಾರ್ಡ್ ನಡೆಯಲ್ಲ, ಈಗ ಆರು ತಿಂಗಳು ಮಾತ್ರ, ಸಿಸ್ಟಮ್ ತಗೊಳ್ತಿಲ್ಲ" ಎಂದರು. ನಾನು ಕಾರ್ಡ್ ತಿರುಗಿಸಿ ತೋರಿಸಿದೆ. ಸೂಪರ್‌ವೈಸರ್ ಓದಿದರು, ಆದರೂ "ರೂಲ್ಸ್ ಚೇಂಜ್ ಆಗಿದೆ ಮೇಡಮ್" ಎಂದರು. ಹಿಂದೆ ಜನ ಸಾಲು ನಿಂತಿದ್ದರು. ಅವ್ವ ಏನೂ ಮಾತಾಡದೆ ಕವರನ್ನು ಕೌಂಟರಿನ ಮೇಲೆ ಇಟ್ಟು ಹೊರಗೆ ಬಂದರು. ಬಸ್ಸಿನಲ್ಲಿ ಕೂತ ಮೇಲೆ, "ಪಾಪ, ಆ ಟೀಚರುಗಳಿಗೆ ಹೇಳಬೇಡ" ಎಂದರು. ನನಗೆ ಜಾಸ್ತಿ ನೋವಾದದ್ದು ಅದಕ್ಕೇ.

ರೂಲ್ಸ್ ನೀವು ಬದಲಾಯಿಸಿಕೊಳ್ಳಿ. ಹೊಸದಾಗಿ ಮಾರುವ ಕಾರ್ಡಿಗೆ ಅದು ಸರಿ. ಆದರೆ ಈ ಕಾರ್ಡಿನ 3,000 ರೂಪಾಯಿ ನಿಮ್ಮ ಗಲ್ಲಾಪೆಟ್ಟಿಗೆಗೆ ಬಂದಾಗ ಹೇಳಿದ ಮಾತು 12 ತಿಂಗಳು. ಅದರಲ್ಲಿ ಒಂಬತ್ತು ತಿಂಗಳು ಕಳೆದಿದೆ, ಅಷ್ಟೇ. ಸಿಸ್ಟಮ್ ತಗೊಳ್ಳದಿದ್ದರೆ ಅದು ನೀವು ಸರಿಮಾಡಬೇಕಾದ ಕೆಲಸ, ಅಲ್ವಾ?

ಈ ಪತ್ರ ತಲುಪಿದ 15 ದಿನದೊಳಗೆ ಕಾರ್ಡಿಗೆ ಪೂರ್ತಿ 3,000 ರೂಪಾಯಿಯ ಖರೀದಿ ಮಾಡಿಕೊಡಿ, ಇಲ್ಲವೇ ಆ ದುಡ್ಡು ವಾಪಸ್ ಕೊಡಿ. ಅವ್ವ ಆರಿಸಿದ ಸೀರೆ ಇನ್ನೂ ಇದ್ದರೆ ತೆಗೆದಿಡಿ, 450 ರೂಪಾಯಿ ತಂದು ಒಯ್ಯುತ್ತೇವೆ. ಕೊಡಲು ಆಗುವುದಿಲ್ಲ ಎಂದಾದರೆ ಕಾರಣವನ್ನು ಬರೆದು, ಸೀಲು ಹಾಕಿ ಕೊಡಿ.

ಉತ್ತರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ಅಲ್ಲೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಸಣ್ಣ ಮೊತ್ತದ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಹದಿನೈದು ವರ್ಷದಿಂದ ನಮ್ಮ ಮನೆಯ ಮದುವೆ ಸೀರೆಗಳೆಲ್ಲ ನಿಮ್ಮಲ್ಲೇ ತಂದಿದ್ದು. ಅದಕ್ಕೇ ಮೊದಲು ನಿಮಗೇ ಬರೆದಿದ್ದೇನೆ.

ಕಾರ್ಡಿನ ಎರಡೂ ಬದಿಯ ಜೆರಾಕ್ಸ್ ಮತ್ತು ಅದನ್ನು ಕೊಂಡ ರಸೀದಿಯ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಅಸಲು ಕಾರ್ಡ್ ನಮ್ಮ ಹತ್ತಿರವೇ ಇದೆ.

ಇಂತಿ,
ನಿಮ್ಮ ಗ್ರಾಹಕಿ
ವಿದ್ಯಾನಗರ, ಹುಬ್ಬಳ್ಳಿ