ವಿಷಯ: ಕೈಯಿಂದ ಪೋಸ್ಟ್ ಹಾಕುವ ಬದಲು ಸ್ವಯಂಚಾಲಿತ ತಂತ್ರಾಂಶ ಬಳಸಲು ವೆಚ್ಚದ ಮಂಜೂರಾತಿ ಕೋರಿ

ದಿನಾಂಕ: 7 ಜುಲೈ 2025
ಹುಬ್ಬಳ್ಳಿ

ಇವರಿಗೆ,
ವ್ಯವಸ್ಥಾಪಕರು,
ಪ್ರಧಾನ ಮಳಿಗೆ, ಕೊಪ್ಪಿಕರ್ ರಸ್ತೆ, ಹುಬ್ಬಳ್ಳಿ

ಮಾನ್ಯರೇ,

ಹುಬ್ಬಳ್ಳಿ, ಧಾರವಾಡ, ಗದಗ ಮತ್ತು ಹಾವೇರಿಯ ನಮ್ಮ ನಾಲ್ಕೂ ಸೀರೆ ಮಳಿಗೆಗಳಿಗೆ ಪ್ರತ್ಯೇಕ ಫೇಸ್‌ಬುಕ್ ಪುಟ, ಇನ್‌ಸ್ಟಾಗ್ರಾಂ ಖಾತೆ ಮತ್ತು ಗೂಗಲ್ ಬಿಸಿನೆಸ್ ಪ್ರೊಫೈಲ್ ಇರುವುದರಿಂದ, ಹೊಸ ಇಳಕಲ್ ಸೀರೆಗಳು ಬಂದ ಒಂದೇ ಸುದ್ದಿಯನ್ನು ನಮ್ಮ ವಿಭಾಗದ ಸಿಬ್ಬಂದಿ ಪ್ರತಿದಿನ ಹನ್ನೆರಡು ಕಡೆ ಹಾಕಬೇಕಾಗುತ್ತದೆ. ಖಾತೆ ತೆರೆಯುವುದು, ಚಿತ್ರದ ಅಳತೆ ಸರಿಪಡಿಸುವುದು, ಆಯಾ ಶಾಖೆಯ ವಿಳಾಸ ಹಾಗೂ ಫೋನ್ ಸಂಖ್ಯೆ ಸೇರಿಸುವುದು, ಹಾಕಿದ ಮೇಲೆ ಒಮ್ಮೆ ಓದಿ ನೋಡುವುದು, ಇಷ್ಟಕ್ಕೆ ಒಂದೊಂದು ಕಡೆ ಸರಾಸರಿ 6 ನಿಮಿಷ ಹಿಡಿಯುತ್ತದೆ. ಅಂದರೆ ದಿನಕ್ಕೆ 72 ನಿಮಿಷ, 26 ಕೆಲಸದ ದಿನಗಳ ತಿಂಗಳಿಗೆ ಸುಮಾರು 31 ಗಂಟೆ. ಚಿತ್ರ ತೆಗೆಯುವ ಮತ್ತು ಬರಹ ಸಿದ್ಧಪಡಿಸುವ ಸಮಯ ಈ ಲೆಕ್ಕದಲ್ಲಿಲ್ಲ, ಏಕೆಂದರೆ ಯಾವ ತಂತ್ರಾಂಶ ಬಂದರೂ ಆ ಕೆಲಸ ತಪ್ಪುವುದಿಲ್ಲ.

ನಾವು ಪರಿಶೀಲಿಸಿರುವ ತಂತ್ರಾಂಶದಲ್ಲಿ ವಾರದ ಪೋಸ್ಟ್‌ಗಳನ್ನು ಒಮ್ಮೆಗೇ ಜೋಡಿಸಿ, ದಿನ ಮತ್ತು ವೇಳೆ ನಿಗದಿಪಡಿಸಿದರೆ ಹನ್ನೆರಡೂ ಖಾತೆಗಳಲ್ಲಿ ಅವು ತಾವಾಗಿಯೇ ಪ್ರಕಟವಾಗುತ್ತವೆ. ಈ ಜೋಡಣೆಗೆ ವಾರಕ್ಕೆ 2 ಗಂಟೆಯಂತೆ ತಿಂಗಳಿಗೆ 8 ಗಂಟೆ 40 ನಿಮಿಷ, ಎಲ್ಲವೂ ಪ್ರಕಟವಾಗಿವೆಯೇ ಎಂದು ನೋಡಲು ದಿನಕ್ಕೆ 10 ನಿಮಿಷದಂತೆ 4 ಗಂಟೆ 20 ನಿಮಿಷ, ಒಟ್ಟು 13 ಗಂಟೆ ಬೇಕಾಗಬಹುದು. ಪಾಸ್‌ವರ್ಡ್ ಬದಲಾದಾಗ ಖಾತೆಯ ಸಂಪರ್ಕ ಕಡಿದು ಪೋಸ್ಟ್ ನಿಂತುಹೋಗುವ ಸಾಧ್ಯತೆ ಇರುವುದರಿಂದ ದಿನದ ಪರಿಶೀಲನೆಯನ್ನು ಬಿಡುವಂತಿಲ್ಲ. ಹೀಗಾಗಿ ತಿಂಗಳಿಗೆ 18 ಗಂಟೆ ಉಳಿಯುತ್ತದೆಂದು ಅಂದಾಜಿಸಿದ್ದೇನೆ.

ಇದರ ಶುಲ್ಕ ತಿಂಗಳಿಗೆ ₹1,500, ಶೇ. 18 ಜಿಎಸ್‌ಟಿ ಸೇರಿ ₹1,770, ವರ್ಷಕ್ಕೆ ₹21,240. ಈ ಕೆಲಸ ಮಾಡುವ ಸಿಬ್ಬಂದಿಯ ಸಂಬಳ ₹22,000 ಆಗಿರುವುದರಿಂದ ಗಂಟೆಗೆ ಸುಮಾರು ₹106 ಬೀಳುತ್ತದೆ; ಉಳಿಯುವ 18 ಗಂಟೆಯ ಬೆಲೆ ₹1,908. ಸಂಬಳದ ಲೆಕ್ಕವೊಂದನ್ನೇ ಹಿಡಿದರೆ ಲಾಭ ಅತ್ಯಲ್ಪವೆಂಬುದನ್ನು ಮುಚ್ಚಿಡುವುದಿಲ್ಲ. ಸಂಬಳವಂತೂ ಹೇಗೂ ಕೊಡುವುದೇ ಆದ್ದರಿಂದ ಆ ಉಳಿತಾಯ ಕೈಗೆ ಬರುವ ಹಣವೂ ಅಲ್ಲ. ನನ್ನ ಕೋರಿಕೆಯ ನಿಜವಾದ ಕಾರಣ ಬೇರೆ. ಸಂಜೆ ಪೋಸ್ಟ್ ಹಾಕುವ ಹೊತ್ತಿನಲ್ಲಿಯೇ “ಈ ಸೀರಿ ಗದಗಿನ್ಯಾಗ ಸಿಗತೈತೇನ್ರಿ?”, “ರೇಟ್ ಎಷ್ಟ್ರಿ?” ಎಂಬ ಸಂದೇಶಗಳು ಸಾಲುಗಟ್ಟಿ ಬರುತ್ತವೆ; ಅವುಗಳಿಗೆ ಉತ್ತರ ಮರುದಿನಕ್ಕೆ ಹೋಗುತ್ತದೆ, ಅಷ್ಟರಲ್ಲಿ ಗ್ರಾಹಕರು ಬೇರೆ ಅಂಗಡಿ ಹತ್ತಿರುತ್ತಾರೆ. ಉಳಿದ ವೇಳೆಯನ್ನು ಸಂಪೂರ್ಣವಾಗಿ ಈ ಉತ್ತರಗಳಿಗೇ ಮೀಸಲಿಡುವುದು ನನ್ನ ಉದ್ದೇಶ.

ಮೆಟಾ ಬಿಸಿನೆಸ್ ಸೂಟ್ ಉಚಿತವಾಗಿರುವಾಗ ಹಣವೇಕೆ ಎಂದು ತಾವು ಕೇಳುವುದು ಸಹಜ. ಅದರಲ್ಲಿ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಪೋಸ್ಟ್‌ಗಳಿಗೆ ಮುಂಚಿತವಾಗಿ ವೇಳೆ ನಿಗದಿಪಡಿಸಬಹುದು, ಆದರೆ ಗೂಗಲ್ ಪ್ರೊಫೈಲ್‌ಗಳ ಕೆಲಸ ಹಾಗೆಯೇ ಉಳಿಯುತ್ತದೆ. ಒಂದೇ ಶಾಖೆಯಿದ್ದಿದ್ದರೆ ನಾನು ಅದನ್ನೇ ಸೂಚಿಸುತ್ತಿದ್ದೆ.

ತಂತ್ರಾಂಶ ಬಂದರೂ ವಾಟ್ಸ್‌ಆ್ಯಪ್ ಸ್ಟೇಟಸ್ ಮತ್ತು ಹಾಡು ಸೇರಿಸಿದ ರೀಲ್‌ಗಳನ್ನು ನಾವು ಕೈಯಿಂದಲೇ ಹಾಕುತ್ತೇವೆ. ಹಾವೇರಿ ಶಾಖೆಯ ಇನ್‌ಸ್ಟಾಗ್ರಾಂ ಇನ್ನೂ ವೈಯಕ್ತಿಕ ಖಾತೆಯಾಗಿದ್ದು, ಅದನ್ನು ವೃತ್ತಿಪರ ಖಾತೆಯಾಗಿ ಬದಲಿಸಬೇಕು, ಇದಕ್ಕೆ ಖರ್ಚಿಲ್ಲ. ಬಂದ್ ಅಥವಾ ಶೋಕಾಚರಣೆಯ ದಿನ ರಿಯಾಯಿತಿ ಪ್ರಕಟಣೆ ತಾನಾಗಿಯೇ ಹೊರಬಿದ್ದರೆ ಅಂಗಡಿಗೆ ಕೆಟ್ಟ ಹೆಸರು ಬರುವುದರಿಂದ, ಎಲ್ಲ ಪೋಸ್ಟ್‌ಗಳನ್ನು ತಕ್ಷಣ ತಡೆಹಿಡಿಯುವ ಅಧಿಕಾರವನ್ನು ತಮಗೂ ನನಗೂ ಮಾತ್ರ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಶಾಖೆಯವರು ಕರಡು ಕಳುಹಿಸುತ್ತಾರೆ, ಅನುಮೋದನೆ ಇಲ್ಲಿಂದ ಆಗುತ್ತದೆ. ಪಾಸ್‌ವರ್ಡ್‌ಗಳು ಹತ್ತು ಕೈ ದಾಟುವುದೂ ನಿಲ್ಲುತ್ತದೆ.

ವರ್ಷದ ಮೊತ್ತವನ್ನು ಒಮ್ಮೆಗೇ ಕೇಳುತ್ತಿಲ್ಲ. ಜುಲೈ 15ರಿಂದ ಅಕ್ಟೋಬರ್ 14ರವರೆಗಿನ ಮೂರು ತಿಂಗಳಿಗೆ ₹5,310 ಮಂಜೂರು ಮಾಡಿದರೆ, ನಾಗರ ಪಂಚಮಿ, ಗಣೇಶ ಚತುರ್ಥಿ ಮತ್ತು ದಸರಾ ಹಬ್ಬದ ವ್ಯಾಪಾರದಲ್ಲಿಯೇ ಇದರ ಪರೀಕ್ಷೆ ಆಗುತ್ತದೆ. ಪೋಸ್ಟ್‌ಗೆ ಹಿಡಿದ ವೇಳೆ ಹಾಗೂ ಅದೇ ದಿನ ಉತ್ತರ ಹೋದ ಸಂದೇಶಗಳ ಪ್ರಮಾಣವನ್ನು ಪ್ರತಿ ತಿಂಗಳ ಕೊನೆಗೆ ತಮಗೆ ಒಪ್ಪಿಸುತ್ತೇನೆ. ತಿಂಗಳಿಗೆ 12 ಗಂಟೆಯಾದರೂ ಉಳಿಯದಿದ್ದರೆ ಮುಂದುವರಿಸಬೇಡಿರೆಂದು ನಾನೇ ಬರೆದು ಕೊಡುತ್ತೇನೆ. ಉಳಿದರೆ ಬಾಕಿ ₹15,930ಕ್ಕೆ ಆಗ ಮಂಜೂರಾತಿ ಕೋರುವೆನು.

ಖಾತೆಗಳನ್ನು ಜೋಡಿಸಲು ಎರಡು ದಿನ ಬೇಕಾಗುವುದರಿಂದ, ಜುಲೈ 11ರೊಳಗೆ ತಮ್ಮ ನಿರ್ಣಯ ತಿಳಿಸಬೇಕೆಂದು ವಿನಂತಿಸುತ್ತೇನೆ. ತಂತ್ರಾಂಶ ಕಂಪನಿಯ ದರಪಟ್ಟಿ ಮತ್ತು ವೇಳೆಯ ಲೆಕ್ಕದ ಹಾಳೆಯನ್ನು ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
ಸಂಯೋಜಕಿ, ಡಿಜಿಟಲ್ ಪ್ರಚಾರ ವಿಭಾಗ

ಪ್ರತಿ: ಲೆಕ್ಕಪತ್ರ ವಿಭಾಗಕ್ಕೆ ಮಾಹಿತಿಗಾಗಿ